ಯಾವ ಮಾಡ್ಯೂಲ್‌ಗೆ ಎಷ್ಟು ವೇಟೇಜ್: ಮೇಡಂಗೆ ಬರೆದ ಒಂದು ಮೇಲ್

ಬಳ್ಳಾರಿಯ ನಮ್ಮ ಇಂಜಿನಿಯರಿಂಗ್ ಕಾಲೇಜು ವಿಟಿಯು ಅಡಿ ಬರುತ್ತದೆ, ನಮ್ಮದು 2022ರ ಸ್ಕೀಮ್. ನಾಲ್ಕನೇ ಸೆಮಿಸ್ಟರ್‌ನಲ್ಲಿ ಅಲ್ಗಾರಿದಮ್ಸ್ ವಿಷಯದ ಮೊದಲ ಇಂಟರ್ನಲ್ ಟೆಸ್ಟ್, ಅಂದರೆ ಐಎ, ಹತ್ತಿರ ಬಂದಾಗ ಸೆಕ್ಷನ್ ಪರವಾಗಿ ಮೇಡಂಗೆ ಮೇಲ್ ಹಾಕುವ ಕೆಲಸ ಸಿ.ಆರ್. ಆಗಿದ್ದ ನನ್ನ ಪಾಲಿಗೆ ಬಂತು. ಕೇಳಬೇಕಾದ್ದು ಎರಡೇ ವಿಷಯ. ಯಾವ ಚಾಪ್ಟರ್‌ಗೆ ಜಾಸ್ತಿ ವೇಟೇಜ್ ಇದೆ ಅನ್ನೋದು ಒಂದು, ಕ್ಲಾಸಿನಲ್ಲಿ ತೋರಿಸುವ ಸ್ಲೈಡ್ಸ್ ಕೊಡ್ತಾರಾ ಅನ್ನೋದು ಇನ್ನೊಂದು. ಆ ಮೇಲ್ ಹೇಗೆ ತಯಾರಾಯಿತು, ಏನು ಉತ್ತರ ಬಂತು, ಬಂದ ಉತ್ತರವನ್ನು ಹೇಗೆ ಬಳಸಿದೆವು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಕಲ್ಯಾಣ ಕರ್ನಾಟಕದ ಈ ಕಡೆ ಊರುಗಳಿಂದ ಬಂದು ಓದುವ ಎಷ್ಟೋ ಜನ ಮೇಷ್ಟ್ರಿಗೆ ಮೇಲ್ ಬರೆಯಲು ಹಿಂಜರಿಯುತ್ತಾರೆ, ಬರೆದರೂ ಉತ್ತರ ಬಾರದಂತೆ ಬರೆಯುತ್ತಾರೆ. ಅವರಿಗೆ ಇದು ಉಪಯೋಗಕ್ಕೆ ಬರಲಿ.

ಸೆಕ್ಷನ್‌ನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ಇಂಪಾರ್ಟೆಂಟ್ ಕ್ವೆಶ್ಚನ್ಸ್ ಕಳಿಸ್ರಿ ಮೇಡಂ ಅಂತ ಹಾಕ್ಬಿಡು, ಮುಗೀತು." ಹಾಗೆ ಹಾಕುವ ಮೊದಲು ಸಿಲಬಸ್ ಕಾಪಿ ತೆಗೆದು, ಕೊನೆಯ ಪುಟದಲ್ಲಿ ಪರೀಕ್ಷೆಯ ಬಗ್ಗೆ ಬರೆದಿರುವ ಭಾಗ ಓದಿದೆ. ಆ ಪುಟವನ್ನು ಯಾರೂ ನೋಡುವುದಿಲ್ಲ. ನಾವು ಕೇಳಬೇಕೆಂದಿದ್ದ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇತ್ತು.

ಸೆಮಿಸ್ಟರ್ ಕೊನೆಯ ಪರೀಕ್ಷೆಯಲ್ಲಿ ಒಟ್ಟು ಹತ್ತು ಪ್ರಶ್ನೆ, ಒಂದೊಂದಕ್ಕೂ 20 ಅಂಕ. ಒಂದು ಮಾಡ್ಯೂಲ್‌ಗೆ ಎರಡರಂತೆ ಐದು ಮಾಡ್ಯೂಲ್‌ಗೆ ಹತ್ತು. ಪ್ರತಿ ಮಾಡ್ಯೂಲ್‌ನಿಂದ ಒಂದನ್ನು ಆರಿಸಿ ಐದು ಪೂರ್ತಿ ಪ್ರಶ್ನೆಗೆ ಉತ್ತರ ಬರೆಯಬೇಕು. ಬಂದ ಅಂಕವನ್ನು ಆಮೇಲೆ 50ಕ್ಕೆ ಇಳಿಸುತ್ತಾರೆ. ಅಂದರೆ ಸೆಮ್ ಎಂಡ್ ಮಟ್ಟಿಗೆ ಯಾವ ಮಾಡ್ಯೂಲ್‌ಗೂ ಹೆಚ್ಚಿಲ್ಲ, ಯಾವುದಕ್ಕೂ ಕಡಿಮೆ ಇಲ್ಲ. ಒಂದು ಮಾಡ್ಯೂಲ್ ಪೂರ್ತಿ ಬಿಟ್ಟರೆ 20 ಅಂಕ ಹೋಯಿತು ಅಂತಲೇ ಲೆಕ್ಕ. ಗೊತ್ತಿರುವ ಮಾಡ್ಯೂಲ್‌ನಿಂದ ಎರಡೂ ಪ್ರಶ್ನೆ ಬರೆದು ಅದನ್ನು ತುಂಬಿಕೊಳ್ಳಲು ಬರುವುದಿಲ್ಲ, ಯಾಕೆಂದರೆ ಒಂದು ಮಾಡ್ಯೂಲ್‌ನಿಂದ ಒಂದೇ ಪ್ರಶ್ನೆ ಲೆಕ್ಕಕ್ಕೆ. "ಯಾವ ಚಾಪ್ಟರ್‌ಗೆ ಜಾಸ್ತಿ ಮಾರ್ಕ್ಸ್ ಮೇಡಂ" ಅಂತ ಇಷ್ಟೇ ಬರೆದು ಕಳಿಸಿದ್ದರೆ ಅವರಿಗೆ "ಎಲ್ಲವೂ ಸಮ, ಎಲ್ಲ ಓದಿ" ಅನ್ನುವುದರ ಹೊರತು ಹೇಳಲು ಏನೂ ಇರುತ್ತಿರಲಿಲ್ಲ. ಆ ಉತ್ತರ ಬಂದಾಗ ಹುಡುಗರು ಮೇಡಂ ಹೇಳೋಕೆ ಒಪ್ಪಲಿಲ್ಲ ಅಂದುಕೊಳ್ಳುತ್ತಾರೆ. ನಿಜವಾಗಿ ಅವರು ಸರಿಯಾಗಿಯೇ ಹೇಳಿರುತ್ತಾರೆ, ಪ್ರಶ್ನೆಯೇ ತಪ್ಪು ಜಾಗದಲ್ಲಿ ಬಿದ್ದಿರುತ್ತದೆ.

ಅದೇ ಪುಟದಲ್ಲಿ ಇನ್ನೊಂದು ಸಾಲಿದೆ. ಒಂದು ಪ್ರಶ್ನೆಯಲ್ಲಿ ಮೂರರವರೆಗೆ ಉಪಪ್ರಶ್ನೆ ಇರಬಹುದು, ಮತ್ತು ಆ ಮಾಡ್ಯೂಲ್‌ನ ಬೇರೆ ಬೇರೆ ಟಾಪಿಕ್ ಅದರಲ್ಲಿ ಬೆರೆತಿರಬೇಕು. ಚಾಯ್ಸ್ ಇದೆಯಲ್ಲ, ಮಾಡ್ಯೂಲ್‌ನಲ್ಲಿ ಅರ್ಧ ಓದಿದರೆ ಸಾಕು ಅಂತ ನಂಬಿದವರಿಗೆ ಏಟು ಬೀಳುವುದು ಇಲ್ಲೇ. ನಮ್ಮ ನಾಲ್ಕನೇ ಮಾಡ್ಯೂಲ್ ನೋಡಿ. ಮೊದಲ ಭಾಗ ಡೈನಾಮಿಕ್ ಪ್ರೋಗ್ರಾಮಿಂಗ್: ನ್ಯಾಪ್‌ಸ್ಯಾಕ್, ವಾರ್ಷಲ್, ಫ್ಲಾಯ್ಡ್. ಎರಡನೇ ಭಾಗ ಗ್ರೀಡಿ: ಪ್ರಿಮ್, ಕ್ರುಸ್ಕಲ್, ಡೈಕ್‌ಸ್ಟ್ರಾ, ಹಫ್‌ಮನ್. ಗ್ರೀಡಿ ಸುಲಭ ಅಂತ ಅಷ್ಟನ್ನೇ ಓದಿಕೊಂಡು ಹೋದವನಿಗೆ ಪೇಪರ್ ಹೀಗೆ ಬಂತು ಅಂದುಕೊಳ್ಳಿ: ಏಳನೇ ಪ್ರಶ್ನೆಯಲ್ಲಿ ಫ್ಲಾಯ್ಡ್‌ಗೆ 8, ಪ್ರಿಮ್‌ಗೆ 6, ಹಫ್‌ಮನ್‌ಗೆ 6, ಎಂಟನೇ ಪ್ರಶ್ನೆಯಲ್ಲಿ ನ್ಯಾಪ್‌ಸ್ಯಾಕ್‌ಗೆ 10, ಡೈಕ್‌ಸ್ಟ್ರಾಗೆ 10. ಏಳನ್ನು ಬರೆದರೆ ಅವನ ಮೇಲ್ಮಿತಿ 12, ಎಂಟನ್ನು ಬರೆದರೆ 10. ಏಳರಲ್ಲಿನ 12 ಮತ್ತು ಎಂಟರಲ್ಲಿನ 10 ಕೂಡಿಸಲು ಬರುವುದಿಲ್ಲ. ಹೀಗಾಗಿ ಕೇಳಬೇಕಾದ್ದು ಮಾಡ್ಯೂಲ್ ಮಾಡ್ಯೂಲ್ ನಡುವಿನ ವೇಟೇಜ್ ಅಲ್ಲ. ಒಂದೊಂದು ಮಾಡ್ಯೂಲ್ ಒಳಗೆ ಯಾವುದನ್ನು ಕೈಯಲ್ಲಿ ಬಿಡಿಸಿ ತೋರಿಸಬೇಕು, ಯಾವುದಕ್ಕೆ ವ್ಯಾಖ್ಯೆ ಗೊತ್ತಿದ್ದರೆ ಸಾಕು ಅನ್ನುವುದನ್ನು ಕೇಳಬೇಕು.

ಇನ್ನೊಂದು ಸಂಗತಿಯನ್ನೂ ಮೇಲ್‌ಗೆ ಮೊದಲೇ ಇತ್ಯರ್ಥ ಮಾಡಿಕೊಂಡೆವು. ಮೇಡಂಗೆ ಏನು ಗೊತ್ತಿರುತ್ತದೆ, ಏನು ಗೊತ್ತಿರುವುದಿಲ್ಲ? ನಮ್ಮಂಥ ಅಫಿಲಿಯೇಟೆಡ್ ಕಾಲೇಜಿನಲ್ಲಿ ಸೆಮ್ ಎಂಡ್ ಪೇಪರ್ ವಿಶ್ವವಿದ್ಯಾಲಯದಿಂದ ಬರುತ್ತದೆ. ಪಾಠ ಮಾಡಿದವರಿಗೂ ಅದು ಪರೀಕ್ಷೆಯ ದಿನವೇ ಕಾಣುವುದು. ಅವರ ಕೈಯಲ್ಲಿ ಇರುವುದು ಐಎ. ಅದರ ಪೇಪರ್ ಅವರೇ ಮಾಡುತ್ತಾರೆ, ಯಾವುದಕ್ಕೆ ಎಷ್ಟು ಅಂಕ ಅಂತ ಅವರೇ ಹಂಚುತ್ತಾರೆ. ಸಿಲಬಸ್ ಪ್ರಕಾರ ಮೊದಲ ಟೆಸ್ಟ್ ನಡೆಯುವುದು ಪಾಠ ಶೇ. 40ರಿಂದ 50 ಮುಗಿದ ಮೇಲೆ, ಎರಡನೆಯದು ಶೇ. 85ರಿಂದ 90 ಮುಗಿದ ಮೇಲೆ. ಅಲ್ಗಾರಿದಮ್ಸ್‌ಗೆ ಇಂಟರ್ನಲ್ 50ರಲ್ಲಿ ಟೆಸ್ಟ್‌ಗಳಿಗೆ 25, ಅಸೈನ್‌ಮೆಂಟ್‌ಗೆ 25. ವೇಟೇಜ್ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಈ ಟೆಸ್ಟ್‌ನಲ್ಲಿ. ಸ್ವಾಯತ್ತ ಕಾಲೇಜಿನಲ್ಲಿ ಓದುವವರಿಗೆ ಮಾತ್ರ ಲೆಕ್ಕ ಬೇರೆ. ಅಲ್ಲಿ ಕೊನೆಯ ಪರೀಕ್ಷೆಯ ಪೇಪರನ್ನೂ ಕಾಲೇಜೇ ಮಾಡಿಸುತ್ತದೆ, ನಿಮಗೆ ಪಾಠ ಮಾಡಿದವರೇ ಅದನ್ನು ಸೆಟ್ ಮಾಡಿರಲೂಬಹುದು. ಆಗ ಸೆಮ್ ಎಂಡ್ ವೇಟೇಜ್ ಕೇಳುವುದು ಅವರನ್ನು ಇಕ್ಕಟ್ಟಿಗೆ ತಳ್ಳಿದಂತೆ. ಅಲ್ಲಿ ಸಿಲಬಸ್‌ನಲ್ಲಿ ಅಚ್ಚಾಗಿರುವ ಅಂಕ ಹಂಚಿಕೆಯಷ್ಟನ್ನೇ ಆಧಾರ ಮಾಡಿಕೊಳ್ಳಿ.

ಹಳೆಯ ಪೇಪರ್ ನೋಡುವುದು ಮೇಲ್‌ಗೆ ಮೊದಲೇ ಆಗಬೇಕಾದ ಕೆಲಸ. ಅದರಲ್ಲೂ 2022ರ ಸ್ಕೀಮಿನ ಪೇಪರ್‌ಗಳನ್ನೇ ನೋಡಬೇಕು. 2018ರ ಸ್ಕೀಮಿನಲ್ಲಿ ಇದೇ ವಿಷಯ ಇತ್ತು, ಆದರೆ ಟಾಪಿಕ್‌ಗಳು ಮಾಡ್ಯೂಲ್‌ಗಳಲ್ಲಿ ಬೇರೆ ರೀತಿ ಹಂಚಿಕೆಯಾಗಿದ್ದವು. ಅದನ್ನು ಎಣಿಸಿದರೆ ಲೆಕ್ಕ ತಪ್ಪುತ್ತದೆ. ಈಗಿನ ಪೇಪರ್‌ಗಳಲ್ಲಿ ಬಲಗಡೆ ಮೂರು ಕಾಲಂ ಇರುತ್ತವೆ: `M`, `L`, `C`. ಎಂ ಅಂದರೆ ಅಂಕ, ಎಲ್ ಅಂದರೆ ಬ್ಲೂಮ್ಸ್ ಲೆವೆಲ್, ಸಿ ಅಂದರೆ ಕೋರ್ಸ್ ಔಟ್‌ಕಮ್. ಎಲ್ ಕಾಲಂ ನೋಡಿದರೆ ಪ್ರಶ್ನೆ ಕೇಳುವ ರೀತಿ ತಿಳಿಯುತ್ತದೆ. `L1`, `L2` ಇದ್ದರೆ ಹೇಳು, ವಿವರಿಸು; `L3` ಇದ್ದರೆ ಕೊಟ್ಟ ಲೆಕ್ಕಕ್ಕೆ ಅನ್ವಯಿಸಿ ಬಿಡಿಸು. ಒಂದು ಹಾಳೆಯಲ್ಲಿ ಟಾಪಿಕ್‌ಗಳ ಹೆಸರು ಬರೆದುಕೊಂಡು, ಪ್ರತಿ ಪೇಪರ್‌ನಲ್ಲಿ ಅದು ಎಷ್ಟು ಅಂಕಕ್ಕೆ, ಯಾವ ಲೆವೆಲ್‌ನಲ್ಲಿ ಬಂದಿದೆ ಅಂತ ಗುರುತು ಹಾಕಿಕೊಂಡೆವು. ಒಂದು ಸಂಜೆಯ ಕೆಲಸ. ಅದು ಮುಗಿದ ಮೇಲೆ ನಮ್ಮಲ್ಲಿ ಉಳಿದ ಅನುಮಾನಗಳು ಕೆಲವೇ ಕೆಲವು, ಮತ್ತು ಅವೆಲ್ಲ ಮೇಡಂ ಮಾತ್ರ ಉತ್ತರ ಹೇಳಬಲ್ಲಂಥವು.

ಅವುಗಳಲ್ಲಿ ಒಂದನ್ನು ಹೇಳುತ್ತೇನೆ. ಎರಡನೇ ಮಾಡ್ಯೂಲ್‌ನಲ್ಲಿ ಸ್ಟ್ರಾಸನ್ ವಿಧಾನದ ಮ್ಯಾಟ್ರಿಕ್ಸ್ ಗುಣಾಕಾರ ಬರುತ್ತದೆ. ಎರಡು ಸಾಲು ಎರಡು ಕಾಲಂನ ಮ್ಯಾಟ್ರಿಕ್ಸ್‌ಗೆ ಮಾಮೂಲಿ ವಿಧಾನದಲ್ಲಿ ಎಂಟು ಗುಣಾಕಾರ ಬೇಕು, ಸ್ಟ್ರಾಸನ್ ಅದನ್ನು ಏಳರಲ್ಲಿ ಮುಗಿಸುತ್ತಾನೆ. ಆ ಏಳಕ್ಕೂ ಒಂದೊಂದು ಸೂತ್ರ, ಬಾಯಿಪಾಠ ಮಾಡಲು ತೀರಾ ಕಷ್ಟ. ಇದರಿಂದ ಬರುವ ಸಮೀಕರಣ `M(n) = 7M(n/2)`, ಬಿಡಿಸಿದರೆ ಸುಮಾರು `n^2.807`. ಏಳು ಸೂತ್ರವನ್ನೂ ಬರೆಯಬೇಕೋ, ಅಥವಾ ಸಮೀಕರಣ ಬಿಡಿಸಿ ಏಕೆ ಕಡಿಮೆ ಸಮಯ ಹಿಡಿಯುತ್ತದೆ ಅಂತ ತೋರಿಸಿದರೆ ಸಾಕೋ? ಪುಸ್ತಕದಲ್ಲಿ ಎರಡೂ ಇದೆ. ಹಳೆಯ ಪೇಪರ್‌ನಿಂದ ಇದು ತೀರ್ಮಾನವಾಗುವುದಿಲ್ಲ. ಇಂಥ ಪ್ರಶ್ನೆ ಕೇಳಿದರೆ ಮೇಡಂ ಒಂದೇ ಸಾಲಿನಲ್ಲಿ ಉತ್ತರಿಸಬಹುದು, ನಾವು ಪುಸ್ತಕ ತೆರೆದು ನೋಡಿದ್ದೇವೆ ಅನ್ನುವುದೂ ಅವರಿಗೆ ಗೊತ್ತಾಗುತ್ತದೆ.

ಸ್ಲೈಡ್ಸ್ ವಿಷಯಕ್ಕೆ ನಮ್ಮಲ್ಲಿ ಗಟ್ಟಿ ಕಾರಣ ಇತ್ತು. ಸೆಕ್ಷನ್‌ನಲ್ಲಿ ಸಂಡೂರು, ಸಿರುಗುಪ್ಪ, ಕಂಪ್ಲಿ, ಹೊಸಪೇಟೆಯಿಂದ ದಿನಾ ಓಡಾಡುವವರು ಬಹಳ. ಬಸ್ಸು ತಡವಾದರೆ ಮೊದಲ ಪೀರಿಯಡ್ ಅರ್ಧ ಹೋಗುತ್ತದೆ, ಅಲ್ಗಾರಿದಮ್ಸ್ ವಾರದಲ್ಲಿ ಎರಡು ಸಲ ಮೊದಲ ಪೀರಿಯಡ್ಡೇ. ಕ್ಲಾಸಿಗೆ ಬಂದವರಿಗೂ ಟ್ರೇಸಿಂಗ್ ಸ್ಲೈಡ್ ಬರೆದುಕೊಳ್ಳುವಷ್ಟು ಹೊತ್ತು ಪರದೆ ಮೇಲೆ ನಿಲ್ಲುವುದಿಲ್ಲ. ಆದರೆ ಸ್ಲೈಡ್ಸ್ ಕೊಡಲು ಹಿಂಜರಿಯುವವರಿಗೂ ಅವರದೇ ಕಾರಣಗಳಿರುತ್ತವೆ, ಅವನ್ನು ತಿಳಿದುಕೊಂಡು ಕೇಳಿದರೆ ಒಳ್ಳೆಯದು. ಕೆಲವು ಸ್ಲೈಡ್ ಅವರು ಮಾಡಿದ್ದೇ ಅಲ್ಲ. ಪಠ್ಯಪುಸ್ತಕದ ಪ್ರಕಾಶಕರು ಪಾಠ ಮಾಡುವವರಿಗಷ್ಟೇ ಅಂತ ಕೊಟ್ಟಿರುತ್ತಾರೆ, ಅದನ್ನು ಹಂಚುವಂತಿಲ್ಲ. ಇನ್ನು ಕೆಲವದರಲ್ಲಿ ಮುಂದಿನ ಐಎಗೆ ಇಟ್ಟುಕೊಂಡ ಲೆಕ್ಕಗಳು ಉತ್ತರ ಸಮೇತ ಇರುತ್ತವೆ. ಸ್ಲೈಡ್ ಕೈಗೆ ಸಿಕ್ಕ ಮೇಲೆ ಕ್ಲಾಸ್ ಖಾಲಿಯಾಗುತ್ತದೆ ಅನ್ನುವ ಚಿಂತೆಯೂ ಸುಳ್ಳಲ್ಲ. ಆದ್ದರಿಂದ "ಎಲ್ಲ ಸ್ಲೈಡ್ಸ್ ಕಳಿಸಿ" ಅನ್ನದೆ, ಪಾಠ ಮುಗಿದ ಮಾಡ್ಯೂಲ್‌ಗಳದ್ದು ಮಾತ್ರ, ಹಂಚಲು ಅಡ್ಡಿ ಇಲ್ಲದವು ಮಾತ್ರ ಅಂತ ಕೇಳುವುದೆಂದು ಸೆಕ್ಷನ್‌ನಲ್ಲಿ ಮಾತಾಡಿಕೊಂಡೆವು.

ಮೇಲ್ ಕನ್ನಡದಲ್ಲೇ ಬರೆದೆ. ಮೇಡಂ ಕ್ಲಾಸಿನಲ್ಲಿ ಅರ್ಧಕ್ಕರ್ಧ ಕನ್ನಡದಲ್ಲೇ ವಿವರಿಸುತ್ತಾರೆ. ಅರೆಬರೆ ಇಂಗ್ಲಿಷಿನಲ್ಲಿ ಬರೆದು ಅರ್ಥ ಕೆಡಿಸುವುದಕ್ಕಿಂತ ಇದು ವಾಸಿ. ನಿಮ್ಮ ಮೇಷ್ಟ್ರಿಗೆ ಕನ್ನಡ ಓದಲು ಬರದಿದ್ದರೆ ಮಾತು ಬೇರೆ. ನಮ್ಮ ಕಡೆ ತೆಲುಗು ಮನೆಮಾತಿನವರೂ ಬಹಳ ಜನ ಪಾಠ ಮಾಡುತ್ತಾರೆ. ಕಳಿಸಿದ್ದು ಕಾಲೇಜು ಕೊಟ್ಟ ಮೇಲ್ ಐಡಿಯಿಂದ, ಮೇಡಂ ಅವರ ಕಾಲೇಜು ಐಡಿಗೆ. ಇದು ಬರೀ ಶಿಸ್ತಿನ ಮಾತಲ್ಲ. ಅಡ್ಡಹೆಸರಿನ ಜಿಮೇಲ್ ಐಡಿಯಿಂದ ಬಂದ ಮೇಲ್ ಯಾರದು ಅಂತ ತಿಳಿಯದೆ ಪಕ್ಕಕ್ಕೆ ಸರಿಯುತ್ತದೆ. ಅದಲ್ಲದೆ ಸ್ಲೈಡ್ ಲಿಂಕ್ ಕಾಲೇಜು ಐಡಿಗೆ ಮಾತ್ರ ತೆರೆಯುವಂತೆ ಇರುವುದು ಸಾಮಾನ್ಯ. ಹೋದ ಮೇಲ್ ಇದು:

ವಿಷಯ: 4ನೇ ಸೆಮ್, ಬಿ ಸೆಕ್ಷನ್, BCS401 – ಮೊದಲ ಐಎ ಪೋರ್ಷನ್ ಮತ್ತು ಸ್ಲೈಡ್ಸ್ ಬಗ್ಗೆ

ನಮಸ್ಕಾರ ಮೇಡಂ,

ನಾನು 4ನೇ ಸೆಮ್ ಬಿ ಸೆಕ್ಷನ್ ಸಿ.ಆರ್. ಮೊದಲ ಐಎ ಬಗ್ಗೆ ಸೆಕ್ಷನ್ ಪರವಾಗಿ ಎರಡು ವಿಷಯ ಕೇಳುವುದಿತ್ತು.

ಮೊದಲನೆಯದು: ಸೆಮ್ ಎಂಡ್‌ನಲ್ಲಿ ಐದೂ ಮಾಡ್ಯೂಲ್‌ಗೆ ಸಮ ಅಂಕ ಇರುವುದನ್ನು ಸಿಲಬಸ್‌ನಲ್ಲಿ ನೋಡಿದ್ದೇವೆ. ಐಎಗೆ ಮಾಡ್ಯೂಲ್ 1, ಮಾಡ್ಯೂಲ್ 2, ಮತ್ತು ಮಾಡ್ಯೂಲ್ 3ರಲ್ಲಿ ಎವಿಎಲ್ ಟ್ರೀವರೆಗೆ ಅಂದುಕೊಂಡಿದ್ದೇವೆ, ಸರಿಯೇ? ಇವುಗಳಲ್ಲಿ ಐಎಗೆ ಯಾವ ಭಾಗಕ್ಕೆ ಹೆಚ್ಚು ಅಂಕ ಇರುತ್ತದೆ ಎಂದು ತಿಳಿಸಿದರೆ ಓದುವ ಸಮಯ ಹಾಗೆ ಹಂಚಿಕೊಳ್ಳುತ್ತೇವೆ. ಸ್ಟ್ರಾಸನ್‌ನಲ್ಲಿ ಏಳು ಸೂತ್ರ ಬರೆಯಬೇಕೇ, ಸಮೀಕರಣ ಬಿಡಿಸಿದರೆ ಸಾಕೇ?

ಎರಡನೆಯದು: ಪಾಠ ಮುಗಿದಿರುವ ಮಾಡ್ಯೂಲ್ 1 ಮತ್ತು 2ರ ಸ್ಲೈಡ್ಸ್ ಸಿಗಬಹುದೇ? ಹಂಚಲು ಬಾರದಂಥವು ಇದ್ದರೆ ಅವನ್ನು ಬಿಟ್ಟು ಉಳಿದವು ಸಾಕು. ಸೆಕ್ಷನ್ ಹೊರಗೆ ಯಾರಿಗೂ ಕಳಿಸುವುದಿಲ್ಲ.

ಮುಂದಿನ ಶುಕ್ರವಾರದೊಳಗೆ ತಿಳಿಸಿದರೆ ಅನುಕೂಲ. ಮೇಲ್‌ಗಿಂತ ಕ್ಲಾಸಿನಲ್ಲಿ ಹೇಳುವುದು ಸುಲಭವಾದರೆ ಅದೂ ಆಗಬಹುದು.

ಕೆಳಗೆ ಹೆಸರು, ಯುಎಸ್‌ಎನ್, ಸೆಕ್ಷನ್. ಇಷ್ಟೇ.

ಇದರಲ್ಲಿ ಪ್ರತಿ ಸಾಲಿಗೂ ಒಂದು ಕೆಲಸ ಇದೆ. ವಿಷಯದ ಸಾಲಿನಲ್ಲಿ ಸೆಮ್, ಸೆಕ್ಷನ್, ಕೋಡ್ ಇರುವುದು ಯಾಕೆಂದರೆ ಒಬ್ಬರೇ ಮೇಡಂ ಎರಡು ಮೂರು ಸೆಮ್‌ಗೆ ಬೇರೆ ಬೇರೆ ವಿಷಯ ತೆಗೆದುಕೊಂಡಿರುತ್ತಾರೆ. `Doubt` ಅಂತಲೋ `Request` ಅಂತಲೋ ಹಾಕಿದರೆ ತೆರೆದು ನೋಡುವವರೆಗೂ ಯಾವ ಕ್ಲಾಸು ಅನ್ನುವುದೇ ತಿಳಿಯುವುದಿಲ್ಲ, ಆಮೇಲೆ ಹುಡುಕಿದರೂ ಸಿಗುವುದಿಲ್ಲ. ಸೆಮ್ ಎಂಡ್ ಅಂಕ ಸಮ ಅಂತ ಗೊತ್ತಿದೆ ಅಂದಿದ್ದರಿಂದ "ಎಲ್ಲ ಓದಿ" ಅನ್ನುವ ಉತ್ತರಕ್ಕೆ ದಾರಿ ಉಳಿಯಲಿಲ್ಲ. ಪೋರ್ಷನ್ ಎಷ್ಟು ಅಂತ ಕೇಳದೆ, ನಾವು ಇಷ್ಟು ಅಂದುಕೊಂಡಿದ್ದೇವೆ ಸರಿಯೇ ಅಂತ ಕೇಳಿದರೆ ಹೌದು ಅಥವಾ ಇಲ್ಲ ಅಂದರೆ ಮುಗಿಯಿತು. ಮೇಡಂ ತಾವಾಗಿ ಪಟ್ಟಿ ಟೈಪ್ ಮಾಡಬೇಕಾಗಿಲ್ಲ. ಕ್ಲಾಸಿನಲ್ಲಿ ಹೇಳಿದರೂ ಆದೀತು ಅನ್ನುವ ಸಾಲು ಬಹಳ ಮುಖ್ಯ ಅಂತ ನನ್ನ ಅನಿಸಿಕೆ. ವೇಟೇಜ್ ಬಗ್ಗೆ ಬರವಣಿಗೆಯಲ್ಲಿ ಕೊಡಲು ಕೆಲವರಿಗೆ ಇಷ್ಟವಿರುವುದಿಲ್ಲ, ಯಾಕೆಂದರೆ ಆ ಸ್ಕ್ರೀನ್‌ಶಾಟ್ ನಾಳೆ ಎಲ್ಲೆಲ್ಲೋ ಓಡಾಡುತ್ತದೆ. ಬಾಯಲ್ಲಿ ಹೇಳಲು ತಕರಾರು ಇರುವುದಿಲ್ಲ.

ಸಮಯದ ಲೆಕ್ಕವನ್ನೂ ನೋಡಿಕೊಳ್ಳಬೇಕು. ಐಎಗೆ ಎರಡು ವಾರ ಮುಂಚೆ ಕೇಳುವುದು ಸರಿ. ಅದಕ್ಕೂ ಮೊದಲು ಕೇಳಿದರೆ ಪೇಪರ್ ಇನ್ನೂ ಆಗಿರುವುದಿಲ್ಲ, ಅವರಿಗೇ ಅಂಕ ಹಂಚಿಕೆ ಗೊತ್ತಿರುವುದಿಲ್ಲ. ಹಿಂದಿನ ದಿನ ಕೇಳಿದರೆ ಪೇಪರ್ ಸೆಟ್ ಆಗಿ ಸಹಿಗೆ ಹೋಗಿರುತ್ತದೆ, ಆಗ ಏನು ಹೇಳಿದರೂ ಪ್ರಶ್ನೆ ಬಿಟ್ಟುಕೊಟ್ಟಂತೆ ಅನ್ನಿಸಿ ಅವರು ಸುಮ್ಮನಿರುತ್ತಾರೆ. ಉತ್ತರ ಬಾರದಿದ್ದರೆ ನಾಲ್ಕು ಕೆಲಸದ ದಿನ ಬಿಟ್ಟು ಅದೇ ಮೇಲ್‌ಗೆ ರಿಪ್ಲೈ ಮಾಡಿ ಒಂದು ಸಾಲಿನಲ್ಲಿ ನೆನಪಿಸಿದರೆ ಸಾಕು. ಹೊಸ ಮೇಲ್ ಬೇಡ, ಜೊತೆಗೆ ವಾಟ್ಸ್ಆ್ಯಪ್‌ನಲ್ಲಿ ಅದನ್ನೇ ಕಳಿಸುವುದೂ ಬೇಡ. ಒಂದೇ ಪ್ರಶ್ನೆಯನ್ನು ಸೆಕ್ಷನ್‌ನ ಹತ್ತು ಜನ ಬೇರೆ ಬೇರೆ ಕಳಿಸುವುದಂತೂ ಖಂಡಿತ ಬೇಡ. ಸಿ.ಆರ್. ಕಳಿಸಿ, ಉತ್ತರವನ್ನು ಎಲ್ಲರಿಗೂ ಹೇಳಿದರೆ ಒಂದೇ ಸಲಕ್ಕೆ ಮುಗಿಯುತ್ತದೆ.

ಉತ್ತರ ಗಡುವಿನೊಳಗೇ ಬಂತು, ಪುಟ್ಟದು. ಪೋರ್ಷನ್ ನಾವು ಅಂದುಕೊಂಡಷ್ಟೇ, ಜೊತೆಗೆ 2-3 ಟ್ರೀ ಕೂಡ ಇದೆ. ಮೊದಲ ಅಸೈನ್‌ಮೆಂಟ್ ಪೂರ್ತಿ ಮಾಡ್ಯೂಲ್ 1ರ ಮೇಲೆ ಇದ್ದುದರಿಂದ ಟೆಸ್ಟ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಅಂಕ ಮಾಡ್ಯೂಲ್ 2ಕ್ಕೆ. ಸ್ಟ್ರಾಸನ್‌ಗೆ ಐಎಯಲ್ಲಿ ಸಮೀಕರಣ ಸಾಕು, "ಆದರೆ ಸೆಮ್ ಎಂಡ್ ಪೇಪರ್ ನಾನು ಮಾಡುವುದಿಲ್ಲ, ಅಲ್ಲಿಗೆ ಸೂತ್ರವೂ ಇರಲಿ" ಅಂತ ಬರೆದಿದ್ದರು. ಈ ಕೊನೆಯ ಸಾಲನ್ನು ನಾನು ಸೆಕ್ಷನ್ ಗ್ರೂಪ್‌ನಲ್ಲಿ ಎರಡು ಸಲ ಹಾಕಿದೆ. ಐಎ ವೇಟೇಜನ್ನೇ ಸೆಮ್ ಎಂಡ್ ವೇಟೇಜ್ ಅಂದುಕೊಂಡು, ಐಎಗೆ ಬಿಟ್ಟದ್ದನ್ನು ಕೊನೆಗೂ ಬಿಟ್ಟು ಹೋಗುವುದು ಈ ಥರದ ಮೇಲ್‌ನಿಂದ ಆಗುವ ದೊಡ್ಡ ಅನಾಹುತ. ಮಾಡ್ಯೂಲ್ 1 ಐಎಯಲ್ಲಿ ಕಡಿಮೆ ಇದ್ದರೂ ಸೆಮ್ ಎಂಡ್‌ನಲ್ಲಿ ಅದರ 20 ಅಂಕ ಹಾಗೇ ಕಾದಿರುತ್ತದೆ.

ಕೇಳದೇ ಇದ್ದ ಒಂದು ವಿಷಯವನ್ನೂ ಅವರು ಸೇರಿಸಿದ್ದರು, ಅದೇ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ಟ್ರೇಸಿಂಗ್ ಪ್ರಶ್ನೆಯಲ್ಲಿ ಅಂಕ ಇರುವುದು ಹಂತಗಳಿಗೆ, ಕೊನೆಯ ಉತ್ತರಕ್ಕಲ್ಲ. ಕ್ವಿಕ್ ಸಾರ್ಟ್‌ಗೆ ಕೊನೆಯಲ್ಲಿ ಜೋಡಿಸಿದ ಪಟ್ಟಿ ಮಾತ್ರ ಬರೆದರೆ ಪ್ರಯೋಜನವಿಲ್ಲ, ಅದನ್ನು ಯಾರು ಬೇಕಾದರೂ ಬರೆದಾರು. ಪಿವಟ್ ಯಾವುದು, `i` ಎಲ್ಲಿ ನಿಂತಿತು, `j` ಎಲ್ಲಿ ನಿಂತಿತು, ಯಾವಾಗ ಒಂದನ್ನೊಂದು ದಾಟಿದವು, ಪಿವಟ್ ಯಾವ ಜಾಗಕ್ಕೆ ಹೋಯಿತು ಅನ್ನುವುದು ಪ್ರತಿ ಪಾರ್ಟಿಷನ್‌ಗೂ ಕಾಣಬೇಕು. ಎವಿಎಲ್ ಟ್ರೀಯಲ್ಲೂ ಹಾಗೇ. 30, 20, 10 ಅಂತ ಸಾಲಾಗಿ ಸೇರಿಸಿದರೆ ಮೂರನೆಯದು ಸೇರಿದ ಕೂಡಲೇ 30ರ ಬ್ಯಾಲೆನ್ಸ್ +2 ಆಗುತ್ತದೆ. ಅದನ್ನು ನೋಡ್ ಪಕ್ಕದಲ್ಲಿ ಬರೆದು, ಸಿಂಗಲ್ ರೈಟ್ ರೊಟೇಷನ್ ಅಂತ ಹೆಸರು ಹೇಳಿ, ಆಮೇಲೆ 20 ಮೇಲೆ ಬಂದು 10 ಎಡಕ್ಕೂ 30 ಬಲಕ್ಕೂ ನಿಂತ ಚಿತ್ರ ಬರೆಯಬೇಕು. ಬ್ಯಾಲೆನ್ಸ್ ಬರೆಯದೆ ನೇರವಾಗಿ ಕೊನೆಯ ಚಿತ್ರ ಹಾಕಿದರೆ ರೊಟೇಷನ್ ಯಾಕೆ ಬೇಕಾಯಿತು ಅನ್ನುವುದು ಉತ್ತರದಲ್ಲಿ ಇರುವುದೇ ಇಲ್ಲ. ಯಾವ ಚಾಪ್ಟರ್ ಮುಖ್ಯ ಅನ್ನುವುದಕ್ಕಿಂತ, ಗೊತ್ತಿರುವ ಚಾಪ್ಟರ್‌ನಲ್ಲಿ ಅಂಕ ಎಲ್ಲಿ ಸೋರುತ್ತದೆ ಅನ್ನುವ ಈ ಮಾಹಿತಿಗೆ ಬೆಲೆ ಹೆಚ್ಚು. ಮುಂದಿನ ಸಲ ಇದನ್ನೇ ನೇರವಾಗಿ ಕೇಳುವುದು ಒಳ್ಳೆಯದು: "ಈ ಥರದ ಉತ್ತರದಲ್ಲಿ ಯಾವ ಹಂತ ಬಿಟ್ಟರೆ ಅಂಕ ಹೋಗುತ್ತದೆ?"

ಸ್ಲೈಡ್ಸ್ ಡ್ರೈವ್ ಲಿಂಕ್ ಆಗಿ ಬಂದವು. ಎರಡು ಮಾಡ್ಯೂಲ್ ಸೇರಿ 25 ಎಂಬಿ ದಾಟಿದ್ದರಿಂದ ಜಿಮೇಲ್‌ನಲ್ಲಿ ಅಟ್ಯಾಚ್ ಆಗುತ್ತಿರಲಿಲ್ಲ. ಅರ್ಧ ಜನಕ್ಕೆ ಲಿಂಕ್ ಒತ್ತಿದರೆ `You need access` ಅಂತ ತೋರಿಸಿತು, ಕೆಲವರು ಅಲ್ಲೇ `Request access` ಒತ್ತಿಬಿಟ್ಟರು. ಅದು ಒಬ್ಬೊಬ್ಬರದ್ದಾಗಿ ಮೇಡಂ ಇನ್‌ಬಾಕ್ಸ್‌ಗೆ ಹೋಗಿ ಬೀಳುತ್ತದೆ. ತೊಂದರೆ ಇದ್ದದ್ದು ಲಿಂಕ್‌ನಲ್ಲಲ್ಲ. ಫೋನಿನಲ್ಲಿ ಸ್ವಂತ ಜಿಮೇಲ್ ಮತ್ತು ಕಾಲೇಜು ಐಡಿ ಎರಡೂ ಇದ್ದಾಗ ಡ್ರೈವ್ ಸ್ವಂತದ್ದರಿಂದಲೇ ತೆರೆಯುತ್ತಿತ್ತು, ಲಿಂಕ್ ಮಾತ್ರ ಕಾಲೇಜು ಐಡಿಗಳಿಗೆ ಸೀಮಿತ. ಮೇಲ್ಗಡೆ ಬಲ ಮೂಲೆಯ ಗುಂಡಗಿನ ಚಿತ್ರ ಒತ್ತಿ ಕಾಲೇಜು ಖಾತೆಗೆ ಬದಲಾಯಿಸಿದರೆ ತೆರೆಯುತ್ತದೆ. `Anyone with the link` ಮಾಡಿಕೊಡಿ ಅಂತ ಮೇಡಂಗೆ ಕೇಳಬೇಡಿ. ಸೆಕ್ಷನ್ ಹೊರಗೆ ಹೋಗುವುದಿಲ್ಲ ಅಂತ ನಾವೇ ಬರೆದುಕೊಟ್ಟ ಮಾತಿಗೆ ಅದು ಸರಿಹೊಂದುವುದಿಲ್ಲ.

ತೆರೆದ ಮೇಲೆ ಇನ್ನೊಂದು ಸಮಸ್ಯೆ. ಎಲ್ಲ ಪಿಡಿಎಫ್ ಮಾಡಿ ಹಾಕಿದ್ದರು. ಓದಲು, ಪ್ರಿಂಟ್ ಹಾಕಲು ಪಿಡಿಎಫ್ ಒಳ್ಳೆಯದೇ. ಆದರೆ ಕ್ವಿಕ್ ಸಾರ್ಟ್ ಸ್ಲೈಡ್ ನೋಡಿದರೆ ಎಂಟು ಮನೆಯ ಅರೇ ಮೇಲೆ ಬಾಣಗಳೆಲ್ಲ ಒಂದರ ಮೇಲೊಂದು ಕೂತಿದ್ದವು, ಅಂಕಿ ಮೇಲೆ ಅಂಕಿ ಬಿದ್ದು 5 ಯಾವುದು 8 ಯಾವುದು ತಿಳಿಯುತ್ತಿರಲಿಲ್ಲ. ಕ್ಲಾಸಿನಲ್ಲಿ ಅದೇ ಸ್ಲೈಡ್ ಚೊಕ್ಕವಾಗಿ ಕಾಣುತ್ತಿತ್ತು. ಕಾರಣ ಇಷ್ಟೇ: ಅದು ಆ್ಯನಿಮೇಷನ್ ಇರುವ ಸ್ಲೈಡ್. ಕ್ಲಾಸಿನಲ್ಲಿ ಒಂದೊಂದು ಕ್ಲಿಕ್‌ಗೆ ಒಂದು ಬಾಣ ಬಂದು ಹಿಂದಿನದು ಮಾಯವಾಗುತ್ತದೆ. ಪಿಡಿಎಫ್ ಮಾಡಿದಾಗ ಒಂದು ಸ್ಲೈಡ್‌ಗೆ ಒಂದೇ ಪುಟ, ಬಂದವು ಹೋದವು ಎಲ್ಲ ಆ ಒಂದೇ ಪುಟದಲ್ಲಿ ಅಚ್ಚಾಗುತ್ತವೆ. ಹೀಗೆ ಕೆಟ್ಟದ್ದು ಬರೀ ಟ್ರೇಸಿಂಗ್ ಸ್ಲೈಡ್‌ಗಳು, ಅಂದರೆ ನಮಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗಿದ್ದವೇ. ಅವುಗಳ ಪುಟ ಸಂಖ್ಯೆ ಬರೆದು, ಅಷ್ಟಕ್ಕೆ ಮಾತ್ರ `.pptx` ಸಿಗಬಹುದೇ ಅಂತ ಅದೇ ಮೇಲ್‌ಗೆ ರಿಪ್ಲೈ ಮಾಡಿದೆ. "ಇಡೀ ಫೈಲ್ ಸರಿ ಇಲ್ಲ ಮೇಡಂ" ಅಂದಿದ್ದರೆ ಅವರು ತಮ್ಮ ಕಂಪ್ಯೂಟರ್‌ನಲ್ಲಿ ತೆರೆದು ಸರಿಯಾಗಿದೆಯಲ್ಲ ಅನ್ನುತ್ತಿದ್ದರು. ಆ ಕೆಲವು ಸ್ಲೈಡ್‌ಗಳನ್ನು ಬೇರೆ ಫೈಲ್ ಮಾಡಿ ಕೊಟ್ಟರು. ಫೋನಿನಲ್ಲಿ ತೆರೆದಾಗಲೂ ಮೊದಲು ಅದೇ ಕಲಸುಮೇಲೋಗರ ಕಾಣುತ್ತದೆ, ಸ್ಲೈಡ್‌ಶೋ ಹಾಕಿ ಒತ್ತುತ್ತ ಹೋದರೆ ಮಾತ್ರ ಹಂತ ಹಂತವಾಗಿ ಬರುತ್ತದೆ. ನಾವು ಲ್ಯಾಬ್ ಕಂಪ್ಯೂಟರ್‌ನಲ್ಲಿ ತೆರೆದು ಪ್ರತಿ ಹಂತವನ್ನೂ ನೋಟ್‌ಬುಕ್‌ಗೆ ಇಳಿಸಿಕೊಂಡೆವು.

ಕನ್ನಡ ಮಾಧ್ಯಮದ ಡಿಗ್ರಿ ಓದುವವರಿಗೆ ಇದರ ತಿರುವುಮುರುವು ಆಗುತ್ತದೆ. ಮೇಷ್ಟ್ರು ಸ್ಲೈಡ್‌ಗಳನ್ನು ನುಡಿಯ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ, ಆ ಫಾಂಟ್ ಇಲ್ಲದ ಫೋನಿನಲ್ಲಿ ಪಿಪಿಟಿ ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆ. ಅಲ್ಲಿ ಪಿಡಿಎಫ್ಫೇ ಕೇಳಬೇಕು, ಫಾಂಟ್ ಅದರೊಳಗೇ ಸೇರಿ ಬರುತ್ತದೆ.

ಪ್ರಿಂಟ್ ಬೇಕಾದವರಿಗೆ ರಾಯಲ್ ಸರ್ಕಲ್ ಕಡೆಯ ಜೆರಾಕ್ಸ್ ಅಂಗಡಿಯಲ್ಲಿ ಒಂದು ಹಾಳೆಗೆ ಆರು ಸ್ಲೈಡ್‌ನಂತೆ ತೆಗೆಸಿದೆವು. ಆರರಲ್ಲಿ ಪಠ್ಯ ಓದಬಹುದು, ಮ್ಯಾಟ್ರಿಕ್ಸ್ ಮತ್ತು ಟ್ರೀ ಇರುವ ಸ್ಲೈಡ್‌ಗಳ ಅಂಕಿ ಕಾಣುವುದಿಲ್ಲ. ಅವಕ್ಕೆ ಹಾಳೆಗೆ ಎರಡೇ ಸರಿ. ಹಿನ್ನೆಲೆ ಕಪ್ಪು ನೀಲಿ ಇದ್ದರೆ ಅದು ಬಿಳಿಯಾಗಿ ಬರುವಂತೆ ತೆಗೆಯಲು ಅಂಗಡಿಯವರಿಗೆ ಮೊದಲೇ ಹೇಳಬೇಕು, ಇಲ್ಲವಾದರೆ ಹಾಳೆ ತುಂಬಾ ಮಸಿಯೇ.

ಸ್ಲೈಡ್ ಸಿಕ್ಕಿತು ಅಂತ ಪುಸ್ತಕ ಮುಚ್ಚಿದವರಿಗೆ ಒಂದು ಮಾತು ಹೇಳಲೇಬೇಕು. ಸ್ಲೈಡ್‌ನಲ್ಲಿ ಇರುವುದು ತಲೆಬರಹ, ಚಿತ್ರ ಮತ್ತು ಅರ್ಧ ವಾಕ್ಯಗಳು. ಮರ್ಜ್ ಸಾರ್ಟ್‌ನ ಸಮಯ `n log n` ಅಂತ ಸ್ಲೈಡ್‌ನಲ್ಲಿ ಒಂದೇ ಸಾಲಿದೆ. ಅದು ಹೇಗೆ ಬಂತು ಅನ್ನುವುದನ್ನು ಮೇಡಂ ಬೋರ್ಡ್ ಮೇಲೆ ಬಿಡಿಸಿದ್ದರು. 10 ಅಂಕದ ಪ್ರಶ್ನೆಗೆ ಬೇಕಾಗುವುದು ಆ ಬೋರ್ಡಿನ ಭಾಗ. ಸ್ಲೈಡ್ ಪಕ್ಕ ಕ್ಲಾಸ್ ನೋಟ್ಸ್ ಇಟ್ಟುಕೊಂಡು, ಯಾವ ಸ್ಲೈಡ್‌ಗೆ ಬೋರ್ಡ್ ಕೆಲಸ ಇತ್ತು ಅಂತ ಪುಟದ ಅಂಚಿನಲ್ಲಿ ಗುರುತು ಹಾಕಿಕೊಂಡೆವು. ಬಸ್ಸು ತಪ್ಪಿ ಕ್ಲಾಸ್ ತಪ್ಪಿದವರು ಆ ಗುರುತಿನ ಜಾಗದ ನೋಟ್ಸ್ ಮಾತ್ರ ಬೇರೆಯವರಿಂದ ತೆಗೆದುಕೊಂಡರು.

ಎರಡನೇ ಐಎಗೆ ಕಳಿಸಿದ ಮೇಲ್ ನಾಲ್ಕೇ ಸಾಲು. ಪೋರ್ಷನ್ ಹೀಪ್ ಸಾರ್ಟ್‌ನಿಂದ ಬ್ಯಾಕ್‌ಟ್ರ್ಯಾಕಿಂಗ್‌ವರೆಗೆ ಸರಿಯೇ, ಡೈನಾಮಿಕ್ ಪ್ರೋಗ್ರಾಮಿಂಗ್‌ನಲ್ಲಿ ಟೇಬಲ್ ತುಂಬಿಸಿದ ಮೇಲೆ ಯಾವ ವಸ್ತುಗಳನ್ನು ಆರಿಸಿದೆವು ಅಂತ ಹಿಂದಕ್ಕೆ ಹೋಗಿ ತೋರಿಸಬೇಕೇ, ಟ್ರೇಸಿಂಗ್ ಸ್ಲೈಡ್‌ಗಳನ್ನು ಮಾತ್ರ `.pptx` ಆಗಿ ಹಾಕಬಹುದೇ ಅಂತ ಕೇಳಿದೆ. ಅದೇ ದಿನ ಸಂಜೆ ಉತ್ತರ ಬಂತು: ಪೋರ್ಷನ್ ಸರಿ, ಹಿಂದಕ್ಕೆ ಹೋಗಿ ತೋರಿಸಲೇಬೇಕು, ಅದಕ್ಕೆ ಬೇರೆ ಅಂಕ ಇದೆ, ಸ್ಲೈಡ್ಸ್ ಹಳೇ ಫೋಲ್ಡರ್‌ನಲ್ಲೇ ಹಾಕಿದ್ದೇನೆ.